ಕೆಸರಿನಲ್ಲಿ ಮಲಗಿದವನು, ಕಣ್ಣು ಕಿತ್ತುಕೊಟ್ಟವನು

ಕೇಳುಗರಿಗೆ ನಮಸ್ಕಾರ.

‘ಬಹುಜನ ಹಿತಾಯ, ಬಹುಜನ ಸುಖಾಯ’. ಆಕಾಶವಾಣಿಯ ಈ ಧ್ಯೇಯವಾಕ್ಯ ನಿಮಗೆಲ್ಲ ಗೊತ್ತು. ಇದು ಬುದ್ಧನ ಮಾತು ಎನ್ನುವುದೂ ಹಲವರಿಗೆ ಗೊತ್ತು. ಆದರೆ ಯಾರಿಗೆ ಹೇಳಿದ ಮಾತು? ವಿನಯಪಿಟಕದ ಮಹಾವಗ್ಗದಲ್ಲಿ ಆ ಸಂದರ್ಭ ಬರುತ್ತದೆ. ಸಾರನಾಥದ ಸುತ್ತಮುತ್ತ ಬುದ್ಧನ ಮೊದಲ ಶಿಷ್ಯರು ಸೇರಿದ್ದಾರೆ. ಅವರು ಅರವತ್ತು ಜನ, ಅರವತ್ತೂ ಜನ ಅರ್ಹಂತರು, ಅಂದರೆ ಬಿಡುಗಡೆ ಪಡೆದವರು. ಅವರನ್ನು ಕರೆದು ಬುದ್ಧ ಹೇಳುತ್ತಾನೆ: ಭಿಕ್ಷುಗಳೇ, ಬಹುಜನರ ಹಿತಕ್ಕಾಗಿ, ಬಹುಜನರ ಸುಖಕ್ಕಾಗಿ ಸಂಚಾರ ಹೊರಡಿ. ಒಂದೇ ದಾರಿಯಲ್ಲಿ ಇಬ್ಬರು ಹೋಗಬೇಡಿ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಬೌದ್ಧಧರ್ಮದ ಎರಡು ಪಂಥಗಳಾದ ಥೇರವಾದ, ಮಹಾಯಾನ ಎಂದ ಕೂಡಲೇ ನಮ್ಮಲ್ಲಿ ಒಂದು ಸಿದ್ಧ ಉತ್ತರ ಬಂದುಬಿಡುತ್ತದೆ: ಅರ್ಹಂತ ತನ್ನ ಮುಕ್ತಿಯನ್ನಷ್ಟೇ ನೋಡಿಕೊಳ್ಳುವವನು, ಮುಂದೆ ಬುದ್ಧನಾಗಲು ಸಂಕಲ್ಪ ತೊಟ್ಟ ಬೋಧಿಸತ್ವ ಲೋಕಕ್ಕಾಗಿ ಬದುಕುವವನು. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗಬಹುದು. ಆದರೆ ಲೋಕಹಿತದ ಆ ಅಪ್ಪಣೆ ಬಿದ್ದದ್ದೇ ಅರ್ಹಂತರ ಮೇಲೆ. ಹಾಗಾದರೆ ಭೇದ ಇರುವುದು ಎಲ್ಲಿ?

ಅರ್ಹಂತ ಎಂದರೆ ಯಾರು ಎನ್ನುವುದಕ್ಕೆ ಸಂಯುತ್ತನಿಕಾಯದಲ್ಲಿ ಖೇಮಕನ ಪ್ರಸಂಗವೊಂದಿದೆ. ಕೌಶಾಂಬಿಯಲ್ಲಿ ಖೇಮಕ ಎಂಬ ಭಿಕ್ಷು ಕಾಯಿಲೆ ಬಿದ್ದಿದ್ದಾನೆ. ಘೋಷಿತಾರಾಮದಲ್ಲಿರುವ ಹಿರಿಯ ಭಿಕ್ಷುಗಳು ದಾಸಕ ಎಂಬುವನ ಕೈಲಿ ಅವನಿಗೆ ಪ್ರಶ್ನೆ ಕಳಿಸುತ್ತಾರೆ. ದೇಹ, ವೇದನೆ, ಮನಸ್ಸು ಮೊದಲಾದ ಐದು ಸ್ಕಂಧಗಳಲ್ಲಿ ಯಾವುದನ್ನಾದರೂ ‘ಇದು ನಾನು’ ಎಂದು ಕಾಣುತ್ತೀಯಾ? ಇಲ್ಲ ಎನ್ನುತ್ತಾನೆ ಖೇಮಕ. ಹಾಗಾದರೆ ನೀನು ಅರ್ಹಂತನೇ ಸರಿ. ಅಲ್ಲ, ಎನ್ನುತ್ತಾನೆ. ಉತ್ತರ ಹೊತ್ತು ಹೋಗಿಬಂದು ಪಾಪ ದಾಸಕನಿಗೆ ಸಾಕಾಗುತ್ತದೆ. ಕೊನೆಗೆ ಇದೆಂಥ ಓಡಾಟ ಎಂದು ಖೇಮಕನೇ ಕೋಲೂರಿಕೊಂಡು ಎದ್ದು ಬರುತ್ತಾನೆ.

ಬಂದು ಹೇಳುತ್ತಾನೆ: ‘ಇದು ನಾನು’ ಎಂದು ಯಾವುದನ್ನೂ ಬೊಟ್ಟು ಮಾಡಲಾರೆ. ಆದರೂ ‘ನಾನಿದ್ದೇನೆ’ ಎಂಬುದು ಹೋಗಿಲ್ಲ. ಕೊಳೆ ಬಟ್ಟೆಯನ್ನು ಅಗಸ ಚೌಳುಮಣ್ಣು, ಕ್ಷಾರ, ಸೆಗಣಿ ಹಾಕಿ ತಿಕ್ಕಿ, ತಿಳಿನೀರಿನಲ್ಲಿ ಜಾಲಿಸಿ ಕೊಡುತ್ತಾನೆ. ಕೊಳೆ ಹೋಗಿರುತ್ತದೆ, ಆದರೆ ಚೌಳಿನ, ಸೆಗಣಿಯ ವಾಸನೆ ಉಳಿದಿರುತ್ತದೆ. ಸುಗಂಧದ ಪೆಟ್ಟಿಗೆಯಲ್ಲಿ ಇಟ್ಟ ಮೇಲೆ ಅದೂ ಹೋಗುತ್ತದೆ. ನನ್ನಲ್ಲಿ ಉಳಿದಿರುವುದು ಅಂಥ ವಾಸನೆ.

ಉಪಮೆಯನ್ನು ಗಮನಿಸಿ. ಉಳಿದಿರುವುದು ಕೊಳೆಯ ವಾಸನೆಯಲ್ಲ, ತೊಳೆಯಲು ಬಳಸಿದ ಸಾಮಗ್ರಿಯ ವಾಸನೆ. ಸಾಧನೆಯೇ ಮೆತ್ತಿಕೊಂಡು ಉಳಿದ ‘ನಾನು’ ಎಂದು ನಾನು ಓದಿಕೊಳ್ಳುತ್ತೇನೆ. ಅದೂ ಅಳಿದವನು ಅರ್ಹಂತ. ಈ ಮಾತು ಆಡುತ್ತಿರುವಾಗಲೇ ಕೇಳುತ್ತಿದ್ದ ಅರವತ್ತು ಹಿರಿಯರಿಗೂ, ಹೇಳುತ್ತಿದ್ದ ಖೇಮಕನಿಗೂ ಬಿಡುಗಡೆಯಾಯಿತು ಎಂದು ಪ್ರಸಂಗ ಮುಗಿಯುತ್ತದೆ. ‘ನಾನು’ ಎಂಬುದರ ವಾಸನೆಯೂ ಇಲ್ಲದವನನ್ನು ಸ್ವಾರ್ಥಿ ಎನ್ನುವುದು ಹೇಗೆ?

ಈಗ ಇನ್ನೊಂದು ಕಥೆ. ಸುಮೇಧ ಎಂಬ ಬ್ರಾಹ್ಮಣ ಆಸ್ತಿಯನ್ನೆಲ್ಲ ದಾನ ಮಾಡಿ ತಪಸ್ವಿಯಾಗಿದ್ದಾನೆ. ಗೌತಮನಿಗಿಂತ ಬಹಳ ಹಿಂದಿನ ದೀಪಂಕರ ಬುದ್ಧ ಊರಿಗೆ ಬರುತ್ತಾನೆಂದು ಜನ ದಾರಿ ಸರಿಮಾಡುತ್ತಿದ್ದಾರೆ. ಸುಮೇಧನೂ ಒಂದು ತುಂಡು ದಾರಿ ಕೇಳಿ ಪಡೆಯುತ್ತಾನೆ. ಕೆಲಸ ಮುಗಿಯುವ ಮೊದಲೇ ಬುದ್ಧ ಬಂದುಬಿಡುತ್ತಾನೆ, ಕೆಸರು ಇನ್ನೂ ಇದೆ. ಸುಮೇಧ ಜಟೆ ಬಿಚ್ಚಿ ಹರಡಿ, ನಾರುಡೆಯನ್ನೂ ಚರ್ಮವನ್ನೂ ಹಾಸಿ, ಬುದ್ಧ ತನ್ನ ಮೇಲೆ ನಡೆದುಹೋಗಲಿ ಎಂದು ಬೋರಲು ಮಲಗುತ್ತಾನೆ. ಮಲಗಿದ್ದಾಗ ಅವನಿಗೆ ಹೊಳೆಯುತ್ತದೆ: ಮನಸ್ಸು ಮಾಡಿದರೆ ಇವತ್ತೇ ನನ್ನ ಕ್ಲೇಶಗಳನ್ನು ಸುಟ್ಟುಹಾಕಬಲ್ಲೆ. ಆದರೆ ಬಲವುಳ್ಳ ನಾನೊಬ್ಬನೇ ದಾಟಿ ಏನು ಫಲ? ಸರ್ವಜ್ಞತೆ ಪಡೆದು ದೇವತೆಗಳ ಸಮೇತ ಲೋಕವನ್ನು ದಾಟಿಸುತ್ತೇನೆ. ಮುಂದೆ ಗೌತಮ ಬುದ್ಧನಾದವನು ಇವನೇ.

ಯಾರಿಗಾದರೂ ಈ ಕಥೆ ಹೇಳಿ, ಇದು ಮಹಾಯಾನದ್ದೋ ಥೇರವಾದದ್ದೋ ಎಂದು ಕೇಳಿ ನೋಡಿ. ಮಹಾಯಾನ ಎಂದೇ ಹೇಳುತ್ತಾರೆ. ಆದರೆ ನಾನು ಹೇಳಿದ ವಿವರಗಳಿರುವುದು ಥೇರವಾದದ ಪಾಲಿ ತಿಪಿಟಕದೊಳಗಿನ ಬುದ್ಧವಂಸದಲ್ಲಿ. ಬೋಧಿಸತ್ವ ಥೇರವಾದಕ್ಕೆ ಅಪರಿಚಿತನಲ್ಲ. ಜಾತಕಕಥೆಗಳೆಲ್ಲ ಅವನವೇ. ಆದರೆ ಥೇರವಾದ ಅವನನ್ನು ಅಪರೂಪದವನಾಗಿಯೇ ಇಡುತ್ತದೆ. ಸುಮೇಧನಂತೆ ಸಂಕಲ್ಪ ಸಿದ್ಧಿಸಬೇಕಾದರೆ ಎಂಟು ಷರತ್ತುಗಳಿವೆ. ಜೀವಂತ ಬುದ್ಧನೊಬ್ಬ ಎದುರಿಗಿರಬೇಕು ಎನ್ನುವುದು ಅವುಗಳಲ್ಲೊಂದು. ಆ ಜನ್ಮದಲ್ಲೇ ಅರ್ಹಂತನಾಗುವ ಯೋಗ್ಯತೆ ಇರಬೇಕು ಎನ್ನುವುದು ಇನ್ನೊಂದು. ಕೈಗೆ ಬಂದದ್ದನ್ನು ಬಿಟ್ಟರೆ ತಾನೇ ತ್ಯಾಗ? ಅನಂತರ ನಾಲ್ಕು ಅಸಂಖ್ಯೇಯ ಮತ್ತು ಲಕ್ಷ ಕಲ್ಪಗಳಷ್ಟು ಕಾಲ ದಾನ, ಶೀಲ ಮೊದಲಾದ ಹತ್ತು ಪಾರಮಿಗಳನ್ನು ತುಂಬಿಸಬೇಕು. ಅದು ಒಬ್ಬ ಮಾಡಿದ ಕೆಲಸ. ಅವನು ದಾರಿ ಕಂಡುಹಿಡಿದು ಕೊಟ್ಟಾಯಿತು, ಉಳಿದವರು ಆ ದಾರಿಯಲ್ಲಿ ನಡೆದರಾಯಿತು ಎನ್ನುತ್ತದೆ ಥೇರವಾದ.

ಮಹಾಯಾನ ಮುರಿದದ್ದು ಈ ಕಟ್ಟನ್ನು. ಬುದ್ಧನಾಗುವ ಸಂಕಲ್ಪವನ್ನು, ಅಂದರೆ ಬೋಧಿಚಿತ್ತವನ್ನು, ಯಾರು ಬೇಕಾದರೂ ತಾಳಬಹುದು, ಇಂದೇ ತಾಳಬಹುದು ಎಂದಿತು. ಬುದ್ಧ ಏನನ್ನು ಬೋಧಿಸಿದ ಎಂಬುದಷ್ಟೇ ಅಲ್ಲ, ಬುದ್ಧ ತಾನು ಏನು ಮಾಡಿದ ಎಂಬುದೇ ಎಲ್ಲರ ದಾರಿಯಾಯಿತು. ಹೀಗೆ ಬಾಗಿಲು ತೆರೆದ ಮೇಲೆ ಅರ್ಹಂತನ ಗುರಿ ಸಹಜವಾಗಿಯೇ ಅರ್ಧದಾರಿಯ ತಂಗುದಾಣದ ಹಾಗೆ ಕಾಣತೊಡಗಿತು. ‘ಹೀನಯಾನ’ ಎಂಬ ಹೀಯಾಳಿಕೆ ಹುಟ್ಟಿದ್ದೂ ಅಲ್ಲಿಂದಲೇ. ಥೇರವಾದಿಗಳು ತಮ್ಮನ್ನು ಎಂದೂ ಹಾಗೆ ಕರೆದುಕೊಂಡವರಲ್ಲ.

ಬಾಗಿಲು ತೆರೆದದ್ದು ಹೌದು, ಆದರೆ ದಾರಿ ಸುಲಭವಾಗಲಿಲ್ಲ. ಕುಮಾರಜೀವ 5ನೇ ಶತಮಾನದ ಆರಂಭದಲ್ಲಿ ಚೀನೀ ಭಾಷೆಗೆ ತಂದ ಪ್ರಜ್ಞಾಪಾರಮಿತೆಯ ಮಹಾವ್ಯಾಖ್ಯಾನದಲ್ಲಿ ಶಾರಿಪುತ್ರನ ಕಥೆ ಬರುತ್ತದೆ. ಶಾರಿಪುತ್ರ ಬುದ್ಧನ ಅಗ್ರಶಿಷ್ಯ, ಅರ್ಹಂತರಲ್ಲಿ ಪ್ರಜ್ಞೆಗೆ ಹೆಸರಾದವನು. ಹಿಂದೆ ಅವನು ಅರವತ್ತು ಕಲ್ಪಗಳ ಕಾಲ ಬೋಧಿಸತ್ವನಾಗಿ ನಡೆದಿದ್ದನಂತೆ. ಆಗ ಒಬ್ಬ ಭಿಕ್ಷುಕ ಬಂದು ಕಣ್ಣು ಕೇಳುತ್ತಾನೆ. ಕಿತ್ತ ಕಣ್ಣಿನಿಂದ ನಿನಗೇನು ಪ್ರಯೋಜನ, ಬೇರೆ ಏನಾದರೂ ಕೇಳು ಎಂದರೂ ಒಪ್ಪುವುದಿಲ್ಲ. ಶಾರಿಪುತ್ರ ಒಂದು ಕಣ್ಣು ಕಿತ್ತು ಕೊಡುತ್ತಾನೆ. ಭಿಕ್ಷುಕ ಅವನೆದುರಿಗೇ ಅದನ್ನು ಮೂಸಿ, ನಾರುತ್ತದೆ ಎಂದು ಉಗಿದು, ನೆಲಕ್ಕೆ ಬಿಸುಟು ಕಾಲಿನಿಂದ ತುಳಿಯುತ್ತಾನೆ. ಇಂಥವರನ್ನು ದಾಟಿಸುವುದು ಆಗದ ಮಾತು, ನಾನು ನನ್ನನ್ನು ಪಳಗಿಸಿಕೊಂಡು ಬೇಗ ಸಂಸಾರದಿಂದ ಬಿಡುಗಡೆಯಾಗುವುದೇ ಲೇಸು ಎಂದುಕೊಂಡ ಶಾರಿಪುತ್ರ, ಅಲ್ಲಿಂದಲೇ ಅರ್ಹಂತನ ದಾರಿಗೆ ಹೊರಳುತ್ತಾನೆ.

ಕಣ್ಣು ಕೊಡುವುದು ಅವನಿಗೆ ಕಷ್ಟವಾಗಲಿಲ್ಲ. ಕೊಟ್ಟದ್ದು ಕಾಲ ಕೆಳಗೆ ಬಿದ್ದದ್ದನ್ನು ನೋಡುವುದು ಕಷ್ಟವಾಯಿತು. ಇದು ಅರ್ಹಂತನನ್ನು ಇಳಿಸಿ ಹೇಳಿದ ಕಥೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೂ ನನಗೆ ಅದರಲ್ಲಿ ಶಾರಿಪುತ್ರನ ಮೇಲೇ ಪ್ರೀತಿ ಹುಟ್ಟುತ್ತದೆ. ವಜ್ರಚ್ಛೇದಿಕೆ ಎಂಬ ಮಹಾಯಾನ ಸೂತ್ರ ಈ ಬಿಕ್ಕಟ್ಟಿಗೇ ಮದ್ದು ಕೊಟ್ಟಂತಿದೆ: ಲೆಕ್ಕವಿಲ್ಲದಷ್ಟು ಜೀವಿಗಳನ್ನು ನಿರ್ವಾಣಕ್ಕೆ ಮುಟ್ಟಿಸಿದರೂ, ನಿಜದಲ್ಲಿ ಒಂದು ಜೀವಿಯೂ ಮುಟ್ಟಲಿಲ್ಲ ಎಂದು ಬೋಧಿಸತ್ವ ತಿಳಿದಿರಬೇಕು. ಕೊಟ್ಟವನು, ಪಡೆದವನು, ಕೊಟ್ಟ ವಸ್ತು ಮೂರನ್ನೂ ಗಟ್ಟಿಯಾಗಿ ಹಿಡಿಯದೆ ಇದ್ದರಷ್ಟೇ ಆ ತುಳಿತವನ್ನು ತಾಳಬಹುದು. ಖೇಮಕ ಹೇಳಿದ ವಾಸನೆಯೇ ಇಲ್ಲಿ ಇನ್ನೊಂದು ಮಾತಿನಲ್ಲಿ ಬಂದಿದೆ.

ಮಹಾಯಾನ ಶಾರಿಪುತ್ರನನ್ನು ಅಲ್ಲಿಗೇ ಕೈಬಿಡಲಿಲ್ಲ. ನೀನೂ ಮುಂದೆ ಪದ್ಮಪ್ರಭ ಎಂಬ ಬುದ್ಧನಾಗುತ್ತೀಯೆ ಎಂದು ಸದ್ಧರ್ಮಪುಂಡರೀಕ ಸೂತ್ರದಲ್ಲಿ ಬುದ್ಧ ಅವನಿಗೆ ಹೇಳುತ್ತಾನೆ.

ಗ್ರಂಥಗಳ ಮಾತು ಹೀಗಾದರೆ, ಜನ ಎರಡನ್ನೂ ಬೆರೆಸಿಕೊಂಡೇ ಬಂದಿದ್ದಾರೆ. ಥೇರವಾದದ ನೆಲೆಯಾದ ಶ್ರೀಲಂಕಾದಲ್ಲಿ, ಬೋಧಿಸತ್ವರಲ್ಲದವರು ಲಂಕೆಗೆ ಅರಸರಾಗಲಾರರು ಎಂದು 10ನೇ ಶತಮಾನದ ನಾಲ್ಕನೆಯ ಮಹಿಂದನ ಶಾಸನ ಸಾರುತ್ತದೆ. ಕ್ಯಾಂಡಿಯಲ್ಲಿ ನಾಥದೇವರೆಂದು ಇಂದಿಗೂ ಪೂಜೆಗೊಳ್ಳುವವನು ಮೂಲದಲ್ಲಿ ಅವಲೋಕಿತೇಶ್ವರ ಬೋಧಿಸತ್ವ. ಅದೇ ಬೋಧಿಸತ್ವನ ಇನ್ನೊಂದು ಹೆಸರು ಲೋಕೇಶ್ವರ. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಸ್ಥಾಪಿಸಿದ ಕಂಚಿನ ಲೋಕೇಶ್ವರ ಇಂದಿಗೂ ಮಂಜುನಾಥನ ದೇವಾಲಯದಲ್ಲಿದ್ದಾನೆ.

ಇತ್ತ ಟಿಬೆಟ್ ಮತ್ತು ಚೀನದ ಮಹಾಯಾನಿಗಳು ಹದಿನಾರು ಅರ್ಹಂತರನ್ನು ಪೂಜಿಸುತ್ತಾರೆ. ಅವರ ನಂಬಿಕೆಯಂತೆ ಈ ಹದಿನಾರು ಜನ ನಿರ್ವಾಣಕ್ಕೆ ಸಂದುಹೋಗದೆ, ಬುದ್ಧನ ಆಣತಿಯಂತೆ ಧರ್ಮವನ್ನು ಕಾಯುತ್ತ ಲೋಕದಲ್ಲೇ ಉಳಿದಿದ್ದಾರೆ.

ನಮಸ್ಕಾರ.