ದುಡ್ಡು ಬರುವವರೆಗೆ ಬೀಗ ತೆಗೆಯಬೇಡಿ

ನಮಸ್ಕಾರ. ಕಳೆದ ತಿಂಗಳು ನನ್ನ ಅಕ್ಕನ ಮಗ ತನ್ನ ಹಳೆಯ ಮೊಬೈಲನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದ. 17,500 ರೂಪಾಯಿಗೆ ಮಾತು ಮುಗಿದು, ಶನಿವಾರ ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಒಂದು ಚಹಾ ಅಂಗಡಿಯ ಮುಂದೆ ಭೇಟಿ ಎಂದಾಯಿತು. ಹುಡುಗ ಜಾಗರೂಕ. ಹಿಂದಿನ ರಾತ್ರಿಯೇ ಫೋಟೊಗಳನ್ನೆಲ್ಲ ತೆಗೆದಿಟ್ಟುಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿದ್ದ.

ಕೊಳ್ಳಲು ಬಂದವನು ಮರ್ಯಾದಸ್ಥನಂತೆಯೇ ಇದ್ದ. ಫೋನನ್ನು ತಿರುಗಿಸಿ ನೋಡಿದ. ಬೈಕಿನ ಮೇಲೆ ಕುಳಿತಿದ್ದ ಗೆಳೆಯನಿಗೆ ತೋರಿಸಿ ಬರುತ್ತೇನೆಂದು ಹತ್ತು ಹೆಜ್ಜೆ ಆಚೆ ಹೋದ, ಎರಡು ನಿಮಿಷದಲ್ಲಿ ಮರಳಿದ. "ಗೆಳೆಯನಿಗೆ ಹಿಡಿಸಲಿಲ್ಲ, ಬೇಸರ ಮಾಡಿಕೊಳ್ಳಬೇಡಿ" ಎಂದು ಫೋನನ್ನು ಕೈಗಿತ್ತು ಹೊರಟುಹೋದ. ಅದೇ ಕಪ್ಪು ಬಣ್ಣ, ಅದೇ ಪಾರದರ್ಶಕ ಕವರು, ಪರದೆಯ ಮೇಲೆ ಅದೇ ಸ್ವಾಗತದ ಸಾಲು. ಮನೆಗೆ ಬಂದು ಚಾರ್ಜಿಗೆ ಹಾಕಿದರೆ ಚಾರ್ಜ್ ಏರಲೇ ಇಲ್ಲ. ಡಬ್ಬಿಯ ಮೇಲಿನ ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆಗೂ ಕೈಯಲ್ಲಿದ್ದ ಫೋನಿನ ಸಂಖ್ಯೆಗೂ ಹೊಂದಿಕೆಯೇ ಇರಲಿಲ್ಲ. ಅದು ಅವನ ಫೋನಾಗಿರಲಿಲ್ಲ.

ಎಲ್ಲರೂ ಅವನಿಗೆ "ಫೋನನ್ನು ಕೈಬಿಟ್ಟದ್ದೇ ತಪ್ಪು" ಎಂದರು. ಅದು ನಿಜ. ಆದರೆ ಅದಕ್ಕಿಂತ ದೊಡ್ಡ ತಪ್ಪು ಹಿಂದಿನ ರಾತ್ರಿಯ ರೀಸೆಟ್ ಎಂಬುದು ನನ್ನ ಖಚಿತ ಅಭಿಪ್ರಾಯ. "ಮಾರುವ ಮುನ್ನ ಎಲ್ಲವನ್ನೂ ಅಳಿಸಿ" ಎಂಬ ಸಲಹೆಯನ್ನು ನಾವು ಎಷ್ಟು ಸಲ ಕೇಳಿಲ್ಲ! ರೀಸೆಟ್ ಆದ ಫೋನಿಗೆ ಗುರುತು ಇರುವುದಿಲ್ಲ. ಒಂದೇ ಮಾದರಿಯ ಸಾವಿರ ಫೋನುಗಳು ಆ ಸ್ವಾಗತದ ಪರದೆಯಲ್ಲಿ ಒಂದೇ ರೀತಿ ಕಾಣುತ್ತವೆ. ನಿಮ್ಮ ಬೆರಳಚ್ಚಿನ ಬೀಗ ಅದರಲ್ಲಿ ಇದ್ದಿದ್ದರೆ, ಮರಳಿ ಬಂದ ಫೋನಿಗೆ ಬೆರಳು ತಾಗಿಸಿದ ಕ್ಷಣವೇ, ಅವನು ಇನ್ನೂ ಎದುರಿಗಿರುವಾಗಲೇ, ಅದಲುಬದಲು ಗೊತ್ತಾಗುತ್ತಿತ್ತು.

ಆದ್ದರಿಂದ ನಾನು ಹೇಳುವ ಕ್ರಮ ಬೇರೆ. ಫೋಟೊ, ಸಂದೇಶಗಳನ್ನು ಮೊದಲೇ ಉಳಿಸಿಕೊಂಡು ಅಳಿಸಿ. ಬ್ಯಾಂಕಿನ ಆ್ಯಪ್‌ಗಳನ್ನು ತೆಗೆದುಹಾಕಿ, ಸಿಮ್ಮನ್ನು ಹೊಸ ಫೋನಿಗೆ ಹಾಕಿ. ಆದರೆ ನಿಮ್ಮ ಖಾತೆಯೂ ಪರದೆಯ ಬೀಗವೂ ಹಳೆಯ ಫೋನಿನಲ್ಲಿ ಹಾಗೆಯೇ ಇರಲಿ. ನೀವೇ ಬೀಗ ತೆರೆದು ಕ್ಯಾಮೆರಾ, ಸ್ಪೀಕರ್, ಚಾರ್ಜಿಂಗ್ ತೋರಿಸಿ. ಕೊಳ್ಳುವವರ ಎದುರಿಗೇ `*#06#` ಒತ್ತಿ, ಬರುವ ಹದಿನೈದು ಅಂಕೆಗಳ ಐಎಂಇಐ ಸಂಖ್ಯೆಯನ್ನು ಡಬ್ಬಿಯ ಚೀಟಿಯೊಂದಿಗೆ ಹೋಲಿಸಿ. ಎರಡು ಸಿಮ್ಮಿನ ಫೋನಾದರೆ ಇಂಥ ಸಂಖ್ಯೆಗಳು ಎರಡು ಇರುತ್ತವೆ. ಯಾವ ಕಾರಣಕ್ಕಾದರೂ ಫೋನು ನಿಮ್ಮ ಕೈ ತಪ್ಪಿ ಮರಳಿ ಬಂದರೆ, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಈಗ ಹಣದ ವಿಷಯ. ಅವರು ತಮ್ಮ ಫೋನಿನಲ್ಲಿ ಹಸಿರು ಗುರುತು, ನಿಮ್ಮ ಹೆಸರು, ಮೊತ್ತ, ಹನ್ನೆರಡು ಅಂಕೆಗಳ ಯುಟಿಆರ್ ಎಂಬ ವಹಿವಾಟಿನ ಸಂಖ್ಯೆ ಎಲ್ಲವನ್ನೂ ತೋರಿಸುತ್ತಾರೆ. ನಿಜವಾದ ಆ್ಯಪ್‌ನಂತೆಯೇ ಕಾಣುವ ನಕಲಿ ಆ್ಯಪ್‌ಗಳಿವೆ. ಅವುಗಳಲ್ಲಿ ಹೆಸರನ್ನೂ ಮೊತ್ತವನ್ನೂ ಬೇಕಾದಂತೆ ತುಂಬಬಹುದು. ಕೆಲವೊಮ್ಮೆ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. ನಮ್ಮ ಹುಡುಗನ ಹೆಸರು ಜಾಹೀರಾತಿನಲ್ಲಿ ಒಂದೇ ಪದ, ಬ್ಯಾಂಕಿನಲ್ಲಿ ಮಾತ್ರ ತಂದೆಯ ಹೆಸರೂ ಮನೆತನದ ಹೆಸರೂ ಸೇರಿ ಮೂರು ಪದ. ನಿಜವಾದ ಯುಪಿಐ ಪಾವತಿಯಲ್ಲಿ ಬ್ಯಾಂಕಿನಲ್ಲಿರುವ ಹೆಸರು ಕಾಣಬೇಕು. ಆದರೂ ಅವರ ಪರದೆಯನ್ನು ಓದಿ ತೀರ್ಮಾನಿಸಬೇಡಿ. "ಹಣ ಜಮಾ ಆಗಿದೆ" ಎಂಬ ಎಸ್‌ಎಂಎಸ್ಸನ್ನೂ ಯಾರು ಬೇಕಾದರೂ ಬರೆದು ಕಳುಹಿಸಬಹುದು. ನಿಮ್ಮ ಹೊಸ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಜಮೆಯ ಸಾಲನ್ನು ನೀವೇ ನೋಡಬೇಕು. ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲು ಮತ್ತು ನಿಮ್ಮದೇ ಬಾಕಿ ನೋಡಲು. ಹಣ ಪಡೆಯಲು ಪಿನ್ ಒತ್ತಿ ಎನ್ನುವವನೊಂದಿಗೆ ಮಾತು ಮುಂದುವರಿಸಬೇಡಿ.

"ಸರ್ವರ್ ನಿಧಾನ, ಅರ್ಧ ಗಂಟೆಯಲ್ಲಿ ಬರುತ್ತದೆ, ನನಗೆ ಲೋಕಲ್ ಹಿಡಿಯಬೇಕು" ಎಂದರೆ? ಪಾವತಿ ಒಮ್ಮೊಮ್ಮೆ ನಿಜವಾಗಿಯೂ ಸಿಕ್ಕಿಕೊಳ್ಳುತ್ತದೆ, ಅದು ಸುಳ್ಳಲ್ಲ. ಆಗ ಹಣ ಬರುವವರೆಗೆ ಅವರು ಕಾಯಲಿ ಅಥವಾ ನಾಳೆ ಬರಲಿ.

ಜಮೆ ಕಂಡ ಮೇಲೆ ಅಲ್ಲಿಯೇ ಖಾತೆ ತೆಗೆದು ರೀಸೆಟ್ ಮಾಡಿ. ಐಫೋನಾದರೆ ರೀಸೆಟ್‌ಗೆ ಮುನ್ನ ‘ಫೈಂಡ್ ಮೈ’ ನಿಲ್ಲಿಸಿ. ಕೆಲವು ನಿಮಿಷ ಹಿಡಿಯುತ್ತದೆ, ಒಂದು ಚಹಾ ಮುಗಿಯುವಷ್ಟು. ಬೀಗವಿರುವ ಫೋನನ್ನೂ ಬಿಡಿಭಾಗಗಳಿಗಾಗಿ ಕಸಿದು ಓಡುವವರಿದ್ದಾರೆ. ಅದಕ್ಕೆ ಈ ಕ್ರಮ ಪರಿಹಾರವಲ್ಲ, ಜನರಿರುವ ಬೆಳಕಿನ ಜಾಗವನ್ನೇ ಆರಿಸಬೇಕು.

ಮೋಸ ಹೋದ ಮೇಲೆ ಹಲವರು ಮೊದಲು 1930ಕ್ಕೆ ಕರೆ ಮಾಡುತ್ತಾರೆ. ಆ ಸಹಾಯವಾಣಿಯ ಬಲ ಇರುವುದು ನಿಮ್ಮ ಖಾತೆಯಿಂದ ಹೋದ ಹಣವನ್ನು ಮುಂದಿನ ಖಾತೆಯಲ್ಲಿ ತಡೆಯುವುದರಲ್ಲಿ. ಇಲ್ಲಿ ಹಣ ಚಲಿಸಿಯೇ ಇಲ್ಲ, ಹೋದದ್ದು ವಸ್ತು. ಹಾಗಾಗಿ ನಾವು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿ ಮತ್ತು ಬಿಲ್ಲಿನೊಂದಿಗೆ `ceir.gov.in` ತಾಣದಲ್ಲಿ ಐಎಂಇಐ ತಡೆಯಲು ಅರ್ಜಿ ಹಾಕಿದೆವು. ತಡೆಯಾದ ಫೋನು ಭಾರತದ ಯಾವ ನೆಟ್‌ವರ್ಕ್‌ನಲ್ಲೂ ನಡೆಯುವುದಿಲ್ಲ. ನಮಗೆ ಅದು ಸಾಧ್ಯವಾದದ್ದು ಡಬ್ಬಿ ಮನೆಯಲ್ಲಿಯೇ ಉಳಿದಿದ್ದರಿಂದ. ನೀವು ಡಬ್ಬಿಯನ್ನೂ ಸೇರಿಸಿ ಮಾರುವುದಾದರೆ, ಹೊರಡುವ ಮುನ್ನ ಅದರ ಚೀಟಿಯದೂ ಬಿಲ್ಲಿನದೂ ಒಂದೊಂದು ಫೋಟೊ ತೆಗೆದು ಹೊಸ ಫೋನಿನಲ್ಲಿ ಇಟ್ಟುಕೊಳ್ಳಿ.