ಅಪ್ಪನ ಕ್ರೆಡಿಟ್ ಕಾರ್ಡ್ ಬಾಕಿಗೆ ನೀವೇಕೆ ಸಹಿ ಹಾಕುತ್ತೀರಿ?

ನಮಸ್ಕಾರ. ಶಿವಮೊಗ್ಗದಲ್ಲಿ ಬೆಳಗಿಂದ ಒಂದೇ ಸಮ ಮಳೆ. ಹಂಚಿನ ಮೇಲಿನ ಸದ್ದು ಮೈಕಿಗೆ ಬಂದರೆ ಅನುಸರಿಸಿಕೊಳ್ಳಿ. ಮಳೆ ನಿಲ್ಲಲಿ ಅಂತ ಕಾದರೆ ಮಲೆನಾಡಿನಲ್ಲಿ ದೀಪಾವಳಿಗೇ ವಿಡಿಯೋ ಮಾಡಬೇಕಾಗುತ್ತದೆ.

ಹೋದ ವಾರದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಅಪ್ಪನ ಸಾಲ ತೀರಿಸದವನು ಮಗನೇ ಅಲ್ಲ. ಬ್ಯಾಂಕಿಗೆ ನಾಮ ಹಾಕುವುದನ್ನು ಕಲಿಸುತ್ತಿದ್ದೀರಾ?" ಅದಕ್ಕೆ ಸಾಲುಸಾಲು ಲೈಕು ಬೇರೆ! ಎಂತ ಮಾರಾಯ್ರೆ ಇದು. ಸರಿ, ಇವತ್ತು ಇದೊಂದೇ ವಿಷಯ. ಸತ್ತವರ ಸಾಲಕ್ಕೆ ನೀವು ಹೊಣೆ ಆಗುವುದು ಅವರಿಂದ ನಿಮ್ಮ ಕೈಗೆ ಬಂದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ. ಅದರ ಮೇಲೆ ಒಂದು ರೂಪಾಯಿಗೂ ಇಲ್ಲ. ನೀವಾಗಿ ಸಹಿ ಹಾಕಿದರೆ ಮಾತ್ರ ಕಥೆ ಬೇರೆ.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಮತ್ತು 52ನೇ ಕಲಂ ಓದಿ. ಸತ್ತವರ ಆಸ್ತಿಯಲ್ಲಿ ವಾರಸುದಾರರ ಕೈಗೆ ಏನು ಬಂತೋ ಅಷ್ಟರಿಂದಲೇ ವಸೂಲಿ. ಇನ್ನು "ಮಗನ ಧರ್ಮ" ಅಂತೀರಲ್ಲ? ಹಿಂದೂ ಕಾನೂನಿನಲ್ಲಿ ಅದೂ ಇತ್ತು, ಒಪ್ಪುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಯಿತು. ಆ ವರ್ಷ ಸೆಪ್ಟೆಂಬರ್ 9ರ ನಂತರ ಅಪ್ಪ ಮಾಡಿದ ಸಾಲವನ್ನು ಬರೀ ಮಗನ ಧರ್ಮ ಅನ್ನುವ ಕಾರಣಕ್ಕೆ ಮಗನಿಂದ ವಸೂಲು ಮಾಡಲು ಕೋರ್ಟ್ ಬಿಡುವುದಿಲ್ಲ. ಕಾಮೆಂಟ್ ಹಾಕಿದ ಅಣ್ಣ ಇಪ್ಪತ್ತು ವರ್ಷ ಹಿಂದೆಯೇ ನಿಂತುಬಿಟ್ಟಿದ್ದಾರೆ.

ಒಂದು ಲೆಕ್ಕ ಹಾಕೋಣ. ತೀರ್ಥಹಳ್ಳಿ ಕಡೆಯ ಒಬ್ಬ ಯಜಮಾನರು ತೀರಿಕೊಂಡರು ಅಂದುಕೊಳ್ಳಿ. ಕ್ರೆಡಿಟ್ ಕಾರ್ಡ್ ಬಾಕಿ 1,90,000. ಪರ್ಸನಲ್ ಲೋನ್ 3,20,000. ಒಟ್ಟು 5,10,000. ಬಿಟ್ಟುಹೋದದ್ದು ಏನು? ಉಳಿತಾಯ ಖಾತೆಯಲ್ಲಿ 45,000, ಒಂದು ಎಫ್‌ಡಿ 80,000, ಬೈಕು ಮಾರಿದರೆ 35,000. ಅಲ್ಲಿಗೆ 1,60,000. ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಕೈ ಹಾಕಬಹುದಾದದ್ದು ಆ 1,60,000ಕ್ಕೆ. ಮಿಕ್ಕ ಮೂರೂವರೆ ಲಕ್ಷ ಅವರ ನಷ್ಟ. ಶಿವಮೊಗ್ಗದಲ್ಲಿ ದುಡಿಯುವ ಮಗನ ಸಂಬಳಕ್ಕೂ, ಮಗಳ ಸರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎಲ್‌ಐಸಿ ಪಾಲಿಸಿಗೆ ಹೆಂಡತಿ ನಾಮಿನಿ ಆಗಿದ್ದರೆ ಆ ಹಣ ಹೆಂಡತಿಯದ್ದೇ. ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಹಾಗೆ ಹೇಳುತ್ತದೆ. ಪಾಲಿಸಿಯನ್ನು ಸಾಲಕ್ಕೆ ಅಡವಿಟ್ಟಿರಬಾರದು, ಅಷ್ಟೇ. ಪಿಎಫ್ ಹಣವೂ ನಾಮಿನಿಗೆ ಸೇರುತ್ತದೆ, ಸತ್ತವರ ಸಾಲಕ್ಕೆ ಅದನ್ನು ಹಿಡಿಯುವ ಹಾಗಿಲ್ಲ. ಇನ್ನೊಂದು, ಪರ್ಸನಲ್ ಲೋನ್ ಕೊಡುವಾಗಲೇ ಎಷ್ಟೋ ಸಲ ವಿಮೆಯ ಕಂತು ಮುರಿದುಕೊಂಡಿರುತ್ತಾರೆ. ಸಾಲದ ಮೊದಲ ಸ್ಟೇಟ್‌ಮೆಂಟ್ ತೆಗೆದು ನೋಡಿ. ವಿಮೆ ಇದ್ದರೆ ಸಾಲ ಅಲ್ಲೇ ತೀರಬಹುದು. ಏಜೆಂಟ್ ಅದನ್ನು ತಾನಾಗಿ ಹೇಳುತ್ತಾನೆ ಅಂತ ಕಾಯಬೇಡಿ.

ಈಗ ಯಡವಟ್ಟು ಎಲ್ಲಿ ಆಗುತ್ತದೆ ಅಂತ ಹೇಳ್ತೀನಿ. ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಫೋನ್ ಬರುತ್ತದೆ. "ಸರ್, ನಿಮ್ಮ ಸಿಬಿಲ್ ಹಾಳಾಗುತ್ತದೆ. ಒಂದು ಸಹಿ ಹಾಕಿ ಸರ್, ಬರೀ ಫಾರ್ಮಾಲಿಟಿ, ಬಡ್ಡಿ ಕಡಿಮೆ ಮಾಡಿಸ್ತೀವಿ." ಮೊದಲು ಸಿಬಿಲ್ ವಿಷಯ. ನೀವು ಜಂಟಿ ಸಾಲಗಾರ ಅಲ್ಲ, ಜಾಮೀನುದಾರ ಅಲ್ಲ ಅಂದರೆ ಅಪ್ಪನ ಸಾಲ ನಿಮ್ಮ ಸಿಬಿಲ್‌ನಲ್ಲಿ ಇರುವುದೇ ಇಲ್ಲ. ಆ ಸಹಿ ಇದೆಯಲ್ಲ, ಅದು ಬಹಳ ಸಲ ನಿಮ್ಮ ಹೆಸರಿಗೇ ಹೊಸ ಸಾಲದ ಪತ್ರ. ಹಾಕಿದ ಗಳಿಗೆಯಿಂದ 1,60,000ದ ಬೇಲಿ ಕಿತ್ತುಹೋಯಿತು. ಆಮೇಲೆ ನಿಮ್ಮ ಸಂಬಳ, ನಿಮ್ಮ ಸಿಬಿಲ್, ಎಲ್ಲಾ ಅವರ ಕೈಯಲ್ಲಿ.

ಸಹಿಯ ಬದಲು ಒಂದು ಪತ್ರ ಬರೆಯಿರಿ. ಮರಣ ಪ್ರಮಾಣಪತ್ರದ ಪ್ರತಿ ಇಟ್ಟು, ಹೀಗೆ: "ನಮ್ಮ ತಂದೆಯವರು ತೀರಿಕೊಂಡಿದ್ದಾರೆ. ಕಾರ್ಡ್ ರದ್ದು ಮಾಡಿ. ಈ ಸಾಲಕ್ಕೆ ವಿಮೆ ಇದ್ದರೆ ವಿವರ ಕೊಡಿ. ಅವರಿಂದ ಬಂದ ಆಸ್ತಿಯ ಮಿತಿ ಮೀರಿ ನನಗೆ ಯಾವ ಹೊಣೆಯೂ ಇಲ್ಲ." ಸ್ಪೀಡ್ ಪೋಸ್ಟ್ ಅಥವಾ ಇಮೇಲ್. ರಸೀದಿ ಇಟ್ಟುಕೊಳ್ಳಿ. ಅಪ್ಪನ ಕಾರ್ಡಿನ ಮೇಲೆ ಅಮ್ಮನಿಗೆ ಆಡ್-ಆನ್ ಕಾರ್ಡ್ ಇದ್ದರೆ ಅದನ್ನೂ ಅವತ್ತೇ ನಿಲ್ಲಿಸಿ. ತೀರಿಕೊಂಡ ಮೇಲೆ ಉಜ್ಜಿದ ಬಿಲ್ಲು ಉಜ್ಜಿದವರ ತಲೆಗೇ ಬರುತ್ತದೆ.

ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಫೋನ್ ಮಾಡುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಕಿರುಕುಳ ಕೊಟ್ಟರೆ ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಿ.

ನಡುವೆ ಒಂದು ಜಾಹೀರಾತು. ನಮ್ಮ ಮನೆಯವಳು ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ. ಜೀರಿಗೆ ಮಿಡಿ, ಅಸಲಿ. ಈ ಚಾನೆಲ್‌ನಿಂದ ಬರುವ ದುಡ್ಡಿಗಿಂತ ಅದರ ದುಡ್ಡೇ ಜಾಸ್ತಿ. ನಂಬರ್ ಡಿಸ್ಕ್ರಿಪ್ಷನ್‌ನಲ್ಲಿದೆ.

"ಹಾಗಾದರೆ ಆಸ್ತಿ ಮಾರಿ ತಿಂದು, ಏನೂ ಇಲ್ಲ ಅಂತ ಕೈ ಎತ್ತಬಹುದಾ?" ಅಂತ ಕೇಳುವ ಬುದ್ಧಿವಂತರೂ ಇದ್ದಾರೆ. ಆಗಲ್ಲ. ಬಂದದ್ದು ಎಷ್ಟು, ಹೋದದ್ದು ಎಲ್ಲಿಗೆ ಅಂತ ಕೋರ್ಟ್ ಲೆಕ್ಕ ಕೇಳುತ್ತದೆ. ಎಫ್‌ಡಿ ಮುರಿದು ಎಂಬತ್ತು ಸಾವಿರದ ಟಿವಿ ತಂದರೆ, ಆ ಎಂಬತ್ತು ಸಾವಿರದ ಮಟ್ಟಿಗೆ ನಿಮ್ಮ ಜೇಬೇ ಹೊಣೆ. ಅದಕ್ಕೇ ಪುಸ್ತಕದಲ್ಲಿ ಬರೆದಿಡಿ. ಅಡಿಕೆ ತೂಕದ ಚೀಟಿಯನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತೀರಿ, ಇದನ್ನು ಇಟ್ಟುಕೊಳ್ಳಲು ಏನು ಕಷ್ಟ?

ತೋಟದ ಮೇಲೆ ಸೊಸೈಟಿ ಸಾಲ ಇದ್ದರೆ ಲೆಕ್ಕ ಬೇರೆ. ಪಹಣಿಯ 11ನೇ ಕಾಲಂನಲ್ಲಿ ಋಣ ಕೂತಿರುತ್ತದೆ. ತೋಟ ಉಳಿಯಬೇಕು ಅಂದರೆ ಸಾಲ ಕಟ್ಟಲೇಬೇಕು. ಗೃಹಸಾಲವೂ ಹಾಗೆಯೇ, ಚಿನ್ನದ ಸಾಲವೂ ಹಾಗೆಯೇ. ನೀವೇ ಜಾಮೀನು ಹಾಕಿದ್ದರಂತೂ ನನ್ನನ್ನು ಕೇಳಬೇಡಿ, ನೀವು ಪೂರ್ತಿ ಸಾಲಕ್ಕೆ ಹೊಣೆ. ನೋಡಿದ್ರಾ, ಅಲ್ಲೂ ಸಿಕ್ಕಿಹಾಕಿಸಿದ್ದು ಸಹಿಯೇ!

"ಆದರೂ ಮನಸ್ಸಿಗೆ ಸಮಾಧಾನ ಇಲ್ಲ" ಅಂತೀರಾ? ಕಟ್ಟಿ ಸ್ವಾಮಿ, ಯಾರು ಬೇಡ ಅಂದರು? ಇಷ್ಟು ಕಟ್ಟಿದರೆ ಲೆಕ್ಕ ಮುಗಿಯಿತು ಅಂತ ಮೊದಲು ಅವರಿಂದ ಬರೆಸಿಕೊಂಡು ಕಟ್ಟಿ. ಆದರೆ ಸಹಿ ಬೇಡ. ಅವರು ಕಾಫಿ ಕುಡಿಸಿದರೂ ಬೇಡ, ಅತ್ತರೂ ಬೇಡ. ಮ್ಯಾನೇಜರ್ ನಿಮ್ಮ ಮಾವನ ಕ್ಲಾಸ್‌ಮೇಟ್ ಆಗಿದ್ದರೂ ಬೇಡ. ಯಾಕೆ ಅಂದರೆ ಬೇಡ, ಅಷ್ಟೇ! ಆ ಬ್ಯಾಂಕು ಕಾರ್ಡ್ ಕೊಡುವಾಗ ನಿಮ್ಮನ್ನು ಕೇಳಿತ್ತಾ?

ಕರೆಂಟ್ ಹೋಯಿತು. ಮೊಬೈಲ್‌ನಲ್ಲಿ ಬ್ಯಾಟರಿ ಇರುವಷ್ಟು ಹೊತ್ತು ಮಾತಾಡ್ತೀನಿ. ಕಾಮೆಂಟ್ ಅಣ್ಣ, ನಿಮ್ಮ ಅಪ್ಪನ ಸಾಲದ ಪಟ್ಟಿ ಕಳಿಸಿ, ನಾವೆಲ್ಲಾ ನೋಡಿ ಚಪ್ಪಾಳೆ ಹೊಡೀತೀವಿ. ಉಳಿದವರು ಸಬ್‌ಸ್ಕ್ರೈಬ್ ಆಗಿ, ಮುಂದಿನ ವಾರ ಜಾಮೀನು ಹಾಕಿದವರ ಪಾಡು ಮಾತಾಡೋಣ. ಉಪ್ಪಿನಕಾಯಿ ಎರಡು ಕೆಜಿ ಮೇಲೆ ತಗೊಂಡರೆ ಕೊರಿಯರ್ ಖರ್ಚು ನಮ್ಮದು.