ಜಪ್ತಿ ಮಹಜರಿನ ಸಾರಾಂಶ ಬರೆಯುವ ಕ್ರಮ

ಕೇಳುಗರಿಗೆ ನಮಸ್ಕಾರ. ವಕೀಲಿ ವೃತ್ತಿಗೆ ಈಗಷ್ಟೇ ಕಾಲಿಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡು, ಜಪ್ತಿ ಪಂಚನಾಮೆಯ, ಅಂದರೆ ನಮ್ಮ ಠಾಣೆಗಳಲ್ಲಿ ಮಹಜರು ಎಂದು ಕರೆಯುವ ದಾಖಲೆಯ, ಸಾರಾಂಶವನ್ನು ಹೇಗೆ ಬರೆಯಬೇಕೆಂದು ಹೇಳುತ್ತೇನೆ. ನನ್ನದು ಒಂದೇ ಮಾತು: ಮಹಜರಿನಲ್ಲಿ ಇಲ್ಲದ ಸಂಗತಿಯನ್ನು "ಉಲ್ಲೇಖವಿಲ್ಲ" ಎಂದು ಬರೆಯಿರಿ, "ನಡೆದಿಲ್ಲ" ಎಂದು ಬರೆಯಬೇಡಿ.

ಹಿಂದೊಮ್ಮೆ ನನ್ನ ಕೈಗೆ ಬಂದ ಗಾಂಜಾ ಪ್ರಕರಣವೊಂದರ ಮಹಜರನ್ನು, ಬಸ್ ನಿಲ್ದಾಣದ ಹಿಂಭಾಗದಲ್ಲಿ, ಸಂಜೆ 4ರಿಂದ 5.30ರವರೆಗೆ ಬರೆದದ್ದೆಂದು ತೋರಿಸಲಾಗಿತ್ತು. ನೀಲಿ ಬಟ್ಟೆಯ ಕೈಚೀಲ, ಅದರಲ್ಲಿ 2 ಕೆ.ಜಿ. 150 ಗ್ರಾಂ ಗಾಂಜಾ, ಒಂದು ಮೊಬೈಲ್ ಮತ್ತು 640 ರೂಪಾಯಿ ನಗದು ಜಪ್ತಿಯಾಗಿದ್ದವು. ನನ್ನ ಕಿರಿಯರೊಬ್ಬರು "ಪಂಚರ ಸಮಕ್ಷಮ ಕ್ರಮಬದ್ಧ ಜಪ್ತಿ" ಎಂದು ಮೂರು ಸಾಲಿನಲ್ಲಿ ಮುಗಿಸಿದ್ದರು. ನಾನು ಮೊದಲ ಪುಟದ ತಲೆಭಾಗವನ್ನು ತೋರಿಸಿದೆ. ಅಲ್ಲಿ ಅದೇ ಶಾಯಿಯಲ್ಲಿ, ಅದೇ ಕೈಬರಹದಲ್ಲಿ ಅಪರಾಧ ಸಂಖ್ಯೆ ಇತ್ತು. ಆ ಸಂಖ್ಯೆ ಸಿಗುವುದು ಎಫ್‌ಐಆರ್ ದಾಖಲಾದಾಗ, ಆದರೆ ಎಫ್‌ಐಆರ್ ದಾಖಲಾದದ್ದು 6.45ಕ್ಕೆ! 5.30ಕ್ಕೆ ಮುಗಿದ ಮಹಜರಿಗೆ ಆ ಸಂಖ್ಯೆ ಎಲ್ಲಿಂದ ಬಂತು? ಆಮೇಲೆ ತುಂಬಿರಬಹುದು, ಇಡೀ ಮಹಜರನ್ನೇ ಠಾಣೆಯಲ್ಲಿ ಕುಳಿತು ಬರೆದಿರಲೂಬಹುದು. ಯಾವುದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ಎರಡೂ ಸಮಯಗಳನ್ನು ಬರೆದು, ಸಂಖ್ಯೆ ಯಾವಾಗ ಸೇರಿತೆಂಬುದರ "ಉಲ್ಲೇಖವಿಲ್ಲ" ಎನ್ನಬೇಕು, ಅಷ್ಟೆ.

ತೂಕವೂ ಹಾಗೆಯೇ. ಠಾಣೆಯ ಸ್ವತ್ತಿನ ಪಟ್ಟಿಯಲ್ಲಿ ಗಾಂಜಾ 2 ಕೆ.ಜಿ. 40 ಗ್ರಾಂ ಎಂದಿತ್ತು. ಆ 110 ಗ್ರಾಂ ಚೀಲದ ತೂಕವಿರಬಹುದು, ಆದರೆ ಚೀಲದೊಂದಿಗೆ ತೂಗಿದರೋ ಬಿಟ್ಟು ತೂಗಿದರೋ ಎಂಬುದರ ಉಲ್ಲೇಖವಿಲ್ಲ. "ಸೀಲು ಮಾಡಲಾಯಿತು" ಎಂದಿದೆ, ಸೀಲಿನ ಅಕ್ಷರ ಯಾವುದೆಂದು ಇಲ್ಲ. ಇವನ್ನೆಲ್ಲ ಬಿಟ್ಟ ಕಿರಿಯರು, ನಾನು ಮತ್ತೆ ಬರೆಯಲು ಹೇಳಿದಾಗ, ಮಾದಕ ವಸ್ತು ಕಾಯ್ದೆಯ 50ನೇ ಕಲಮಿನ ತಿಳಿವಳಿಕೆ ನೀಡಿಲ್ಲವೆಂದು ದೊಡ್ಡ ಲೋಪವಾಗಿ ಬರೆದು ತಂದರು. ಆ ಕಲಮು ಮೈ ತಪಾಸಣೆಗೆ ಸಂಬಂಧಿಸಿದ್ದು. ಇಲ್ಲಿ ಎಲ್ಲವೂ ಸಿಕ್ಕಿದ್ದು ಕೈಚೀಲದಲ್ಲಿ. ಇಲ್ಲದ ಲೋಪವನ್ನು ಸೇರಿಸಿದರೆ ಇರುವ ಲೋಪದ ತೂಕವೂ ಇಳಿಯುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.

ಸಮಯ ಕಡಿಮೆಯಿರುವುದರಿಂದ ಪಂಚರ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಇಬ್ಬರ ಹೆಸರು, ವಯಸ್ಸು, ಉದ್ಯೋಗ, ವಾಸಸ್ಥಳ ಮತ್ತು ಯಾವ ಯಾವ ಪುಟದಲ್ಲಿ ಸಹಿಯಿದೆ ಎಂಬುದನ್ನು ಬರೆಯಿರಿ. ಆ ಪ್ರಕರಣದಲ್ಲಿ ಒಬ್ಬ ಪಂಚರು 30 ಕಿಲೋಮೀಟರ್ ದೂರದ ಊರಿನವರು. ಜನ ತುಂಬಿದ ನಿಲ್ದಾಣದಲ್ಲಿ ಸ್ಥಳೀಯರು ಏಕೆ ಸಿಗಲಿಲ್ಲ ಎಂಬುದಕ್ಕೂ ಉಲ್ಲೇಖವಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ ಮತ್ತು ಜಪ್ತಿಯನ್ನು, ಪಟ್ಟಿ ತಯಾರಿಸಿ ಸಾಕ್ಷಿಗಳು ಸಹಿ ಮಾಡುವುದೂ ಸೇರಿ, ಧ್ವನಿ ಹಾಗೂ ದೃಶ್ಯ ಸಹಿತ ಚಿತ್ರೀಕರಿಸಿ, ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಆದ್ದರಿಂದ ಚಿತ್ರೀಕರಣದ ಆರಂಭ ಮತ್ತು ಮುಕ್ತಾಯದ ಸಮಯವನ್ನು ಮಹಜರಿನ ಸಮಯದ ಪಕ್ಕದಲ್ಲೇ ಬರೆಯಿರಿ. ಮಹಜರು 90 ನಿಮಿಷದ್ದು, ಚಿತ್ರೀಕರಣ 12 ನಿಮಿಷದ್ದು ಎಂದಾದರೆ ಎರಡೂ ಅಂಕಿಗಳನ್ನು ಬರೆದು, ಉಳಿದ 78 ನಿಮಿಷಗಳ ಚಿತ್ರೀಕರಣದ ಉಲ್ಲೇಖವಿಲ್ಲ ಎಂದು ನಮೂದಿಸಿ. ನಮಸ್ಕಾರ.